ಮದುವೆಯೋ ಬೆಳ್ಳಿಯೋ: ಬಳ್ಳಾರಿಯ ಒಂದು ಗೋಡೆಬರಹ ಕನ್ನಡಕ್ಕೆ ಬಂದ ಬಗೆ

ಕೌಲ್‌ಬಜಾರಿನ ಒಂದು ಓಣಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇದೆ. ಅದರ ಪಕ್ಕದ ಗೋಡೆಯ ಮೇಲೆ ತೆಲುಗಿನಲ್ಲಿ ನಾಲ್ಕು ಸಾಲು, ಬಲ ಮೂಲೆಯಲ್ಲಿ ಉರ್ದುವಿನ ಒಂದು ಸಾಲು. ಎಲ್ಲವೂ ಕೈಯಲ್ಲಿ ಬರೆದದ್ದು: ಕೆಂಪು ಅಕ್ಷರ, ಅದಕ್ಕೆ ನೀಲಿ ಶೇಡ್. ಮೇಲೆ ಒಂದೆರಡು ಸಲ ಸುಣ್ಣ ಬಿದ್ದಿದೆ. ಅಂಗಡಿಯ ಈಗಿನ ಯಜಮಾನ ಹೊಸ ಬೋರ್ಡ್ ಬರೆಸಬೇಕಾಗಿತ್ತು. 2024ರ ಕಾನೂನು ತಿದ್ದುಪಡಿಯ ನಂತರ ಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹೇಗೂ ಬರೆಸುವುದೇ ಆದರೆ ತಾತನ ಕಾಲದ ಸಾಲುಗಳೇ ಕನ್ನಡದಲ್ಲಿ ಇರಲಿ ಎಂದು ಅವರ ಆಸೆ. ತೆಲುಗು ಬಲ್ಲವರು ಬಳ್ಳಾರಿಯಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ, ಅರ್ಧ ಗಂಟೆಯ ಕೆಲಸ ಅಂದುಕೊಂಡೇ ನಾವು ಒಪ್ಪಿದ್ದು. ಹಿಡಿದದ್ದು ಒಂಬತ್ತು ದಿನ.

ತಡವಾಗಿದ್ದು ಭಾಷೆಯಿಂದಲ್ಲ, ಅಕ್ಷರದಿಂದ. ಮುಖ್ಯ ಸಾಲನ್ನು ಓದಿದವರಲ್ಲಿ ಮೂವರು ‘ವೆಂಡಿ ಸಾಮಾನು’ ಅಂದರು, ಅಂದರೆ ಬೆಳ್ಳಿ ಸಾಮಾನು. ಇಬ್ಬರು ‘ಪೆಂಡ್ಲಿ ಸಾಮಾನು’ ಅಂದರು, ಅಂದರೆ ಮದುವೆ ಸಾಮಾನು. ತಾತ ಒಂದು ಕಾಲಕ್ಕೆ ಬೆಳ್ಳಿ ವ್ಯಾಪಾರ ಮಾಡುತ್ತಿದ್ದರು ಅನ್ನುವ ಮಾತು ಮನೆಯಲ್ಲಿ ಮೊದಲೇ ಇತ್ತು. ಹಾಗಾಗಿ ಮೊದಲ ಓದಿನ ಕಡೆಗೇ ಎಲ್ಲರ ಮನಸ್ಸು ವಾಲಿತ್ತು. ಗೋಡೆ ಓದುವಾಗ ಇದೇ ಮೊದಲ ಅಪಾಯ. ಮನೆಮಂದಿಯ ಕಥೆಯನ್ನು ಕೊನೆಗೆ ಕೇಳಬೇಕು, ಮೊದಲು ಕೇಳಿದರೆ ಕಣ್ಣು ಅದನ್ನೇ ಹುಡುಕುತ್ತದೆ.

ಎಲ್ಲಕ್ಕೂ ಮುಂಚೆ ಬರಹ ತೆಲುಗೇ ಎಂದು ಖಚಿತ ಮಾಡಿಕೊಂಡದ್ದು ಒಳ್ಳೆಯದಾಯಿತು. ಇದು ಹಾಸ್ಯವಲ್ಲ. ಕನ್ನಡ, ತೆಲುಗು ಎರಡೂ ಲಿಪಿಗಳು ಒಂದೇ ಬೇರಿನವು, ದಪ್ಪ ಅಕ್ಷರ ಬರೆಯುವ ಪೇಂಟರ್ ಕೈಯಲ್ಲಿ ಇನ್ನೂ ಹತ್ತಿರ ಬರುತ್ತವೆ. ‘ಸಾಮಾನು’ ಎಂಬ ಪದವನ್ನು ತೆಲುಗು ಓದಲು ಬಾರದವರೂ ನೇರವಾಗಿ ಓದಿಬಿಟ್ಟರು, ಆಮೇಲೆ ಮುಂದಿನದನ್ನೂ ಕನ್ನಡವೆಂದೇ ಓದಲು ಹೋಗಿ ಮುಗ್ಗರಿಸಿದರು. ಗುರುತಿಸಲು ಎರಡು ಕಡೆ ನೋಡಿದರೆ ಸಾಕು. ಒಂದು ತಲೆಕಟ್ಟು: ಕನ್ನಡದಲ್ಲಿ ಅದು ಅಡ್ಡವಾಗಿ ಮಲಗಿ ಬಲತುದಿಯಲ್ಲಿ ಕೊಕ್ಕೆಯಾಗುತ್ತದೆ, ತೆಲುಗಿನಲ್ಲಿ ಮೇಷ್ಟ್ರು ಸರಿ ಗುರುತು ಹಾಕಿದ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಇನ್ನೊಂದು ದೀರ್ಘ: ಕನ್ನಡದಲ್ಲಿ ಕೀ, ಕೇ, ಕೋ ಬರೆಯುವಾಗ ಬಲಕ್ಕೆ ದೀರ್ಘದ ಚಿಹ್ನೆ ಬೇರೆಯಾಗಿ ನಿಲ್ಲುತ್ತದೆ. ತೆಲುಗಿನಲ್ಲಿ ಹಾಗಿಲ್ಲ, ತಲೆಯ ಮೇಲಿನ ಸುರುಳಿಯೇ ಬದಲಾಗುತ್ತದೆ. ಪೇಂಟರ್ ತಲೆಕಟ್ಟನ್ನು ಚಂದಕ್ಕಾಗಿ ಎಷ್ಟೇ ಎಳೆದರೂ ದೀರ್ಘದ ಚಿಹ್ನೆಯನ್ನು ಸುಮ್ಮನೆ ಸೇರಿಸುವುದಿಲ್ಲ. ಈ ಗೋಡೆಯ ಮೇಲೆ ‘ಶ್ರೀ’ ಇತ್ತು, ‘ಪೆಟ್ರೋಮ್ಯಾಕ್ಸ್’ ಇತ್ತು, ಎರಡರಲ್ಲೂ ಆ ಚಿಹ್ನೆ ಇರಲಿಲ್ಲ. ಅಲ್ಲಿಗೆ ತೆಲುಗು ಖಾಯಂ.

ಇನ್ನು ಫೋಟೊ. ಗೋಡೆ 14 ಅಡಿ ಅಗಲ, 5 ಅಡಿ ಎತ್ತರ. ಓಣಿ ಬರೀ 10 ಅಡಿ. ಒಂದೇ ಫೋಟೊದಲ್ಲಿ ಹಿಡಿಯಲು ಓರೆಯಾಗಿ ನಿಂತರೆ ದೂರದ ಅಕ್ಷರ ಕಿರಿದಾಗಿ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಅದಕ್ಕೇ ಆರು ತುಂಡುಗಳಲ್ಲಿ, ಪ್ರತಿ ತುಂಡಿಗೂ ಎದುರಾಗಿ ನಿಂತು, ಸಾಲಿನ ಎತ್ತರಕ್ಕೇ ಫೋನ್ ಹಿಡಿದು ತೆಗೆಯಬೇಕಾಯಿತು. ಒಂದು ತುಂಡಿನ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರಬೇಕು, ಇಲ್ಲದಿದ್ದರೆ ಜೋಡಿಸುವಾಗ ಒಂದು ಒತ್ತಕ್ಷರ ಕಳೆದುಹೋಗುತ್ತದೆ. ಟೇಲರ್ ಟೇಪನ್ನು ಗೋಡೆಗೆ ಅಂಟಿಸಿಟ್ಟರೆ ಅಳತೆಯೂ ಫೋಟೊದಲ್ಲೇ ಸಿಗುತ್ತದೆ.

ಹೊತ್ತು ಮುಖ್ಯ. ಮೊದಲ ದಿನ ನಡುಮಧ್ಯಾಹ್ನ ತೆಗೆದ ಫೋಟೊ ಎಲ್ಲವೂ ದಂಡ, ಗೋಡೆ ಒಂದು ಬಿಳಿ ಹಾಳೆಯ ಹಾಗೆ ಬಂದಿತ್ತು. ಈ ಗೋಡೆ ಪೂರ್ವ-ಪಶ್ಚಿಮವಾಗಿ ಚಾಚಿದೆ, ಬೆಳಗಿನ ಬಿಸಿಲು ಅದರ ಮೈ ಸವರಿಕೊಂಡು ಹೋಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತಲ್ಲಿ ಎನಾಮೆಲ್ ಬಣ್ಣದ ಅಂಚು ಕೂದಲೆಳೆಯಷ್ಟು ಉಬ್ಬಿರುವುದು ನೆರಳಾಗಿ ಕಾಣುತ್ತದೆ, ಬಣ್ಣ ಹೋದ ಕಡೆಯೂ ಅಕ್ಷರದ ಗಡಿ ಸಿಗುತ್ತದೆ. ಮೋಡದ ಕಾರಣ ಎರಡು ಬೆಳಗು ಹಾಳಾಗಿ ನಾಲ್ಕನೇ ದಿನಕ್ಕೆ ಸರಿಯಾದ ಫೋಟೊ ಬಂತು.

ಸುಣ್ಣದ ವಿಷಯ. ಸುಣ್ಣ ಗಾರೆಯ ಮೇಲೆ ಕೂರುತ್ತದೆ, ಎಣ್ಣೆ ಬಣ್ಣದ ಮೇಲೆ ಕಚ್ಚುವುದಿಲ್ಲ. ಹಾಗಾಗಿ ವರ್ಷ ಕಳೆದ ಹಾಗೆ ಅಕ್ಷರದ ಮೇಲಿನ ಸುಣ್ಣವಷ್ಟೇ ಉದುರಿ ಹಳೆಯ ಬರಹ ತಾನೇ ಮೇಲೆ ಬರುತ್ತದೆ. ಉದುರದ ಕಡೆ ಕೆರೆಯಬಾರದು, ಕೆರೆದರೆ ಅಕ್ಷರವೂ ಎದ್ದು ಬರುತ್ತದೆ. ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ತೆಳುವಾಗಿ ನೀರು ಹೊಡೆದರೆ ಒದ್ದೆ ಸುಣ್ಣ ಪಾರದರ್ಶಕವಾಗಿ ಕೆಳಗಿನ ಕೆಂಪು ಕಾಣುತ್ತದೆ. ಬಳ್ಳಾರಿಯ ಬಿಸಿಲಿಗೆ ಅದು ಎರಡು ಮೂರು ನಿಮಿಷದಲ್ಲಿ ಒಣಗಿ ಮತ್ತೆ ಬಿಳಿಯಾಗುತ್ತದೆ. ಅದಕ್ಕೇ ಒಬ್ಬರು ಸಿಂಪಡಿಸುತ್ತಾ ಹೋಗಬೇಕು, ಇನ್ನೊಬ್ಬರು ಹಿಂದೆಯೇ ಫೋಟೊ ತೆಗೆಯುತ್ತಾ ಬರಬೇಕು. ಒಬ್ಬರೇ ಮಾಡಲು ಹೋದರೆ ಎರಡೂ ಆಗುವುದಿಲ್ಲ.

ಈಗ ಗೋಜಲಿನ ಮೂಲಕ್ಕೆ ಬರೋಣ. ತೆಲುಗಿನ ಪ ಮತ್ತು ವ ಅಕ್ಷರಗಳ ಮೈಕಟ್ಟು ಒಂದೇ ತರಹ. ಪ-ಕ್ಕೆ ಮೇಲ್ಭಾಗ ತೆರೆದಿರುತ್ತದೆ, ತಲೆಕಟ್ಟು ಮೈಗೆ ತಾಗದೆ ಮೇಲೆ ಬೇರೆಯಾಗಿ ನಿಲ್ಲುತ್ತದೆ. ವ-ದಲ್ಲಿ ಅದು ಮೈಗೆ ಕೂಡಿಕೊಂಡಿರುತ್ತದೆ. ಅಂದರೆ ಎರಡನ್ನೂ ಬೇರೆ ಮಾಡುವುದು ಒಂದು ಸಣ್ಣ ಸಂದು. ಒಂಬತ್ತು ಇಂಚಿನ ದಪ್ಪ ಅಕ್ಷರದಲ್ಲಿ ಆ ಸಂದು ಅರ್ಧ ಇಂಚು ಉಳಿದಿದ್ದರೆ ಹೆಚ್ಚು. ಅದಕ್ಕೆ ಪೇಂಟರ್ ನೀಲಿ ಶೇಡ್ ಕೊಟ್ಟಿದ್ದಾನೆ. ಮೇಲಿನ ಗೆರೆಯ ಶೇಡ್ ಕೆಳಗೆ ಬಲಕ್ಕೆ ಬಿದ್ದು ಸಂದನ್ನೇ ತುಂಬಿದೆ. ಹೊಸದಾಗಿದ್ದಾಗ ಕೆಂಪು ನೀಲಿ ಬೇರೆ ಬೇರೆ ಕಾಣುತ್ತಿದ್ದವು, ಯಾರಿಗೂ ತೊಂದರೆ ಇರಲಿಲ್ಲ. ಬಿಸಿಲಿಗೆ ಎರಡೂ ಕಂದಿ ಒಂದೇ ಮಣ್ಣುಬಣ್ಣಕ್ಕೆ ತಿರುಗಿದ ಮೇಲೆ ಸಂದು ಮುಚ್ಚಿಹೋಗಿ ‘ಪೆ’ ಎಂಬುದು ‘ವೆ’ ಆಯಿತು.

ಕಣ್ಣಿಗೆ ಬೇರೆಯಾಗದ್ದು ಕಂಪ್ಯೂಟರಿನಲ್ಲಿ ಬೇರೆಯಾಯಿತು. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಫೋಟೊ ತೆರೆದು ಈ ದಾರಿಯಲ್ಲಿ ಹೋಗಬೇಕು:

```
Colors > Components > Decompose > RGB
```

ಫೋಟೊ ಕೆಂಪು, ಹಸಿರು, ನೀಲಿ ಎಂಬ ಮೂರು ಕಪ್ಪುಬಿಳುಪು ಪದರಗಳಾಗಿ ಒಡೆಯುತ್ತದೆ. ನೀಲಿ ಪದರದಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ, ನೀಲಿ ಬಣ್ಣ ಗೋಡೆಯ ಬಿಳುಪಿಗೆ ಹತ್ತಿರ ಹೋಗುತ್ತದೆ. ಅಂದರೆ ಅಕ್ಷರ ಉಳಿದು ಶೇಡ್ ಕರಗುತ್ತದೆ. ಕೆಂಪು ಪದರದಲ್ಲಿ ಇದರ ಉಲ್ಟಾ: ಶೇಡ್ ಉಳಿದು ಅಕ್ಷರ ಕರಗುತ್ತದೆ. ನೀಲಿ ಪದರ ತೆರೆದ ಕೂಡಲೇ ಮೊದಲ ಅಕ್ಷರದ ತಲೆಯ ಹತ್ತಿರ ಬೆಳ್ಳಗೆ ಒಂದು ಸೀಳು ಕಂಡಿತು. ಆದರೆ ಅಲ್ಲಿ ಗಾರೆಯೂ ಒಂದಿಷ್ಟು ಕಿತ್ತಿತ್ತು. ಸಂದು ಪೇಂಟರ್ ಬಿಟ್ಟಿದ್ದೋ ಗಾರೆ ಕಿತ್ತದ್ದೋ ಎಂದು ಅದೊಂದರಿಂದಲೇ ಹೇಳುವಂತಿರಲಿಲ್ಲ.

ಇನ್ನೊಂದು ಸಾಕ್ಷಿ ಕೆಳಗಿರಬೇಕಿತ್ತು. ‘ವೆಂಡಿ’ ಆದರೆ ಡಿ ಅಕ್ಷರದ ಕೆಳಗೆ ಏನೂ ಇರುವುದಿಲ್ಲ, ‘ಪೆಂಡ್ಲಿ’ ಆದರೆ ಲ ಒತ್ತು ಇರಬೇಕು. ಸಾಲಿನ ಕೆಳಗೆ ನೋಡಿದರೆ ಅಲ್ಲಿ ಮುಂದಿನ ಸಾಲಿಗೆಂದು ಬರೆದ ಹೂಬಳ್ಳಿ ಹಾದುಹೋಗಿದೆ. ಪೇಂಟರುಗಳು ಬರೆಯುವ ಮೊದಲು ಬಣ್ಣದ ಪುಡಿ ಹಚ್ಚಿದ ದಾರ ಎಳೆದು ಗೆರೆ ಹೊಡೆಯುತ್ತಾರೆ: ಮೇಲಿನ ದಾರಕ್ಕೆ ತಲೆಕಟ್ಟು, ಕೆಳಗಿನ ದಾರಕ್ಕೆ ಅಕ್ಷರದ ಪಾದ, ಒತ್ತು ಅದರಿಂದಾಚೆಗೆ. ಆ ದಾರದ ಗುರುತು ಎರಡು ಮೂರು ಕಡೆ ಉಳಿದಿತ್ತು. ಅದನ್ನು ಹಿಡಿದು ಪಾದದ ಗೆರೆ ಎಳೆದಾಗ, ಬಳ್ಳಿಯ ಒಂದು ಸುರುಳಿ ಬಳ್ಳಿಯದಲ್ಲ ಎಂದು ಅನುಮಾನ ಬಂತು. ಉಳಿದ ಸುರುಳಿಗಳೆಲ್ಲ ಹಸಿರು, ಶೇಡ್ ಇಲ್ಲ. ಇದು ಕೆಂಪು, ಶೇಡ್ ಇದೆ. ಇದೇ ಸಾಲಿನ ‘ಇಚ್ಚಟ’, ‘ಅದ್ದೆಕು’, ‘ಇವ್ವಬಡುನು’ ಪದಗಳ ಒತ್ತುಗಳನ್ನು ಅಳೆದರೆ ಎಲ್ಲವೂ ನಾಲ್ಕು ಇಂಚಿನ ಆಸುಪಾಸು. ಸುರುಳಿಯೂ ಅಷ್ಟೇ.

ಇಲ್ಲಿ ಒಂದು ಕಿವಿಮಾತು. ಅಲಂಕಾರ ಯಾವುದು ಅಕ್ಷರ ಯಾವುದು ಎಂಬ ಪ್ರಶ್ನೆಗೆ ಆಕಾರ ನೋಡಿ ಉತ್ತರಿಸಬೇಡಿ, ಬಣ್ಣ, ಗೆರೆಯ ದಪ್ಪ ಮತ್ತು ಶೇಡ್ ನೋಡಿ. ಪೇಂಟರ್ ಕೆಂಪು ಡಬ್ಬಿ ಹಿಡಿದಾಗ ಅಕ್ಷರಗಳನ್ನೆಲ್ಲ ಮುಗಿಸುತ್ತಾನೆ, ಆಮೇಲೆ ಶೇಡ್, ಬಳ್ಳಿ ಕೊನೆಗೆ. ಅದೇ ಪದದ ಸೊನ್ನೆಯನ್ನು ಅವನು ಪುಟ್ಟ ಕಲಶದ ಹಾಗೆ ಬರೆದಿದ್ದ, ಬಾಯಿಗೆ ಎರಡು ಎಲೆ ಕೂಡ ಇಟ್ಟಿದ್ದ. ಮೊದಲ ಸಲ ಅದನ್ನು ಚಿತ್ರವೆಂದು ಬಿಟ್ಟೇ ಓದಿದ್ದೆವು. ಕಲಶ ಕೆಂಪು, ಎಲೆ ಹಸಿರು!

ಆದರೂ ಪೂರ್ತಿ ಒಪ್ಪಲು ಮನೆಯವರಿಗೆ ಇಷ್ಟು ಸಾಲಲಿಲ್ಲ. ಉರ್ದು ಸಾಲು ಓದಲು ಬಲ್ಲವರಿಗಾಗಿ ಎರಡು ದಿನ ಕಾದದ್ದು ಇದಕ್ಕೇ. ಆ ಸಾಲಿನ ಚುಕ್ಕಿಗಳು ಬಹುಪಾಲು ಉದುರಿದ್ದವು, ಉರ್ದುವಿನಲ್ಲಿ ಚುಕ್ಕಿ ಹೋದರೆ ಅರ್ಧ ಅಕ್ಷರಗಳು ಒಂದೇ ತರಹ. ಅದರ ಮೇಲೆ ಇಲ್ಲಿ ಗೊಂದಲವೂ ಅದೇ ಜೋಡಿಯದು: ಮದುವೆಯಾದರೆ ‘ಶಾದಿ’, ಬೆಳ್ಳಿಯಾದರೆ ‘ಚಾಂದಿ’. ಅದೃಷ್ಟಕ್ಕೆ ಈ ಎರಡು ಪದಗಳ ಎಲುಬು ಬೇರೆ. ಉರ್ದು ಬರೆಯುವ ನಸ್ತಾಲೀಖ್ ಶೈಲಿಯಲ್ಲಿ ಶ ಸದ್ದಿನ ಅಕ್ಷರವನ್ನು ಹಲ್ಲುಗಳಿಲ್ಲದೆ ಉದ್ದವಾದ ಒಂದೇ ಎಳೆತವಾಗಿ ಬರೆಯುವುದುಂಟು. ಚ ಸದ್ದಿನದು ಕೊಕ್ಕೆಯ ತಲೆಯಿಂದ ಶುರುವಾಗುತ್ತದೆ. ಚಾಂದಿಯಲ್ಲಿ ನಡುವೆ ನ-ಕಾರಕ್ಕೆ ಒಂದು ಹಲ್ಲು ಬೇರೆ ಏಳುತ್ತದೆ. ಓದಲು ಬಂದ ಹಿರಿಯರು ಗೋಡೆಯ ಮೇಲೆ ಬೆರಳಾಡಿಸಿ, ಶುರುವಿನಲ್ಲಿ ಉದ್ದ ಎಳೆತ ಇದೆ, ಕೊಕ್ಕೆ ಇಲ್ಲ, ನಡುವೆ ಹಲ್ಲಿಲ್ಲ ಎಂದು ತೋರಿಸಿದರು. ಸಾಲಿನ ಕೊನೆಯಲ್ಲಿ ‘ಕಿರಾಯಾ’ ಸ್ಪಷ್ಟವಾಗಿತ್ತು, ಬಾಡಿಗೆ. ಅದನ್ನು ಕೇಳಿ ಯಜಮಾನರೇ ನಕ್ಕುಬಿಟ್ಟರು: “ಬೆಳ್ಳಿ ಸಾಮಾನು ಬಾಡಿಗಿಗೆ ಯಾರ್ ಕೊಡ್ತಾರಣ್ಣ!”

ಕಿರಾಯಾ ಇನ್ನೊಂದು ಗಂಟನ್ನೂ ಬಿಚ್ಚಿತು. ತೆಲುಗು ಸಾಲಿನ ‘ಅದ್ದೆಕು’ ಎಂದರೂ ಬಾಡಿಗೆಗೆ ಎಂದೇ ಅರ್ಥ. ಆ ಪದದಲ್ಲಿ ಎ-ಕಾರದ ಸುರುಳಿ ಸವೆದು ತಲೆಕಟ್ಟಿನಂತೆ ಕಾಣುತ್ತಿತ್ತು. ತೆಲುಗಿನಲ್ಲಿ ಎರಡೂ ಕೂರುವುದು ಒಂದೇ ಜಾಗದಲ್ಲಿ. ಹಾಗಾಗಿ ಒಬ್ಬರು ಅದನ್ನು ‘ಅದ್ದಕ’ ಎಂದು ಓದಿ, ಬಟ್ಟೆಗೆ ಬಣ್ಣ ಹಾಕುವ ಅಂಗಡಿ ಎಂದಿದ್ದರು. ಜೀನ್ಸ್ ಹೊಲಿಯುವ ಊರಿನಲ್ಲಿ ಆ ಊಹೆ ಅಸಹಜವೇನಲ್ಲ. ಒಂದೇ ಗೋಡೆಯ ಮೇಲೆ ಎರಡು ಮೂರು ಲಿಪಿ ಇದ್ದರೆ ಪ್ರತಿಯೊಂದನ್ನೂ ಬೇರೆ ಬೇರೆ ಜನರಿಂದ, ಒಬ್ಬರ ಓದು ಇನ್ನೊಬ್ಬರಿಗೆ ಹೇಳದೆ ಓದಿಸಬೇಕು. ನಾವು ಮೊದಲೇ ಹೇಳಿಬಿಟ್ಟಿದ್ದರೆ ಆ ಹಿರಿಯರೂ ಉದುರಿದ ಚುಕ್ಕಿಗಳನ್ನು ನಮ್ಮ ಮಾತಿಗೆ ತಕ್ಕಂತೆ ಇಟ್ಟುಕೊಳ್ಳುತ್ತಿದ್ದರೋ ಏನೋ.

ಹೀಗೆ ಮುಖ್ಯ ಸಾಲು ಸಿಕ್ಕಿತು: ‘ಇಚ್ಚಟ ಪೆಂಡ್ಲಿ ಸಾಮಾನು ಅದ್ದೆಕು ಇವ್ವಬಡುನು’. ಕೊನೆಯ ಸಾಲಿನ ವಿಳಾಸದಲ್ಲಿ ಪಿನ್ ಕೋಡ್ 533101 ಎಂದು ಕಂಡಿತ್ತು, ಅದು ರಾಜಮಹೇಂದ್ರವರಂ ಊರಿನದು. ಎಂಟರ ಎಡ ಮೈ ಸವೆದು ಮೂರಾಗಿದೆ, ಬಳ್ಳಾರಿಯದು 583101. ಪಿನ್ ಶುರುವಾದದ್ದು 1972ರಲ್ಲಿ, ಹಾಗಾಗಿ ಈ ಬರಹ ಅದಕ್ಕಿಂತ ಹಳೆಯದಲ್ಲ ಎಂಬುದೂ ಗೊತ್ತಾಯಿತು.

ಮೂರನೇ ಸಾಲು ಓದಲು ಸುಲಭ, ಕನ್ನಡಕ್ಕೆ ತರುವುದೇ ಕಷ್ಟ. ಅಲ್ಲಿದ್ದದ್ದು: ಗಂಗಾಳಮುಲು, ಗುಂಡಿಗಲು, ಜಂಖಾನಲು, ಪೆಟ್ರೋಮ್ಯಾಕ್ಸ್ ಲೈಟ್ಲು. ನಾಲ್ಕೂ ‘ಲು’ ಇಂದ ಮುಗಿಯುತ್ತವೆ, ತೆಲುಗಿನ ಬಹುವಚನ. ಓದುವವರಿಗೆ ಇದು ದೊಡ್ಡ ಅನುಕೂಲ. ಮೊದಲು ಪದಗಳ ಕೊನೆ ನೋಡಿ, ಒಂದೇ ಆಕಾರ ಮತ್ತೆ ಮತ್ತೆ ಬಂದರೆ ಅದು ‘ಲು’. ಅಲ್ಲಿಂದ ಈ ಪೇಂಟರಿನ ಉ-ಕಾರ ಹೇಗಿರುತ್ತದೆ ಎಂದು ಗೊತ್ತಾಗುತ್ತದೆ, ಅದರಿಂದ ‘ಮು’, ‘ನು’, ‘ಕು’ ಬಿಚ್ಚಿಕೊಳ್ಳುತ್ತವೆ. ಹೀಗೆ ಸಿಕ್ಕ ಪ್ರತಿ ಅಕ್ಷರವನ್ನೂ ಫೋಟೊದಿಂದ ಕತ್ತರಿಸಿ ಒಂದು ಹಾಳೆಯಲ್ಲಿ ಅಂಟಿಸುತ್ತಾ ಹೋದರೆ ಆ ಕೈಯ ಅಕ್ಷರಮಾಲೆಯೇ ಸಿದ್ಧವಾಗುತ್ತದೆ. ನಮ್ಮ ಹಾಳೆಯಲ್ಲಿ ಇಪ್ಪತ್ತೆರಡು ಆಕಾರ ಕೂಡಿದ್ದವು. ಸಂಶಯ ಬಂದಾಗೆಲ್ಲ ಅಚ್ಚಿನ ತೆಲುಗಿನ ಜೊತೆ ಹೋಲಿಸದೆ ಈ ಹಾಳೆಯ ಜೊತೆಗೇ ಹೋಲಿಸಿದೆವು.

ಅನುವಾದದ ಬಲೆ ಇದ್ದದ್ದು ‘ಗಂಗಾಳ’ದಲ್ಲಿ. ನಮ್ಮ ಕಡೆ ಗಂಗಾಳ ಎಂದರೆ ಉಣ್ಣುವ ತಟ್ಟೆ. ಅಕ್ಷರ ಅಕ್ಷರವಾಗಿ ಕನ್ನಡಕ್ಕೆ ಇಳಿಸಿದರೆ ಊಟದ ತಟ್ಟೆ ಬಾಡಿಗೆಗೆ ಎಂದಾಗುತ್ತದೆ. ಅದೂ ಒಪ್ಪುವ ಅರ್ಥವೇ ಆದ್ದರಿಂದ ತಪ್ಪೆಂದು ಯಾರಿಗೂ ಹೊಳೆಯುವುದಿಲ್ಲ. ತೆಲುಗಿನಲ್ಲಿ ಗಂಗಾಳಮು ಎಂದರೆ ನೀರು ತುಂಬಿಡುವ ಅಗಲ ಬಾಯಿಯ ಭಾರೀ ಪಾತ್ರೆ. ‘ಗುಂಡಿಗ’ ಕೂಡ ಹಾಗೆಯೇ: ಅದು ದಪ್ಪ ಹೊಟ್ಟೆಯ ಅಡುಗೆ ಪಾತ್ರೆ, ಕನ್ನಡದಲ್ಲಿ ಗುಂಡಿಗೆ ಅಂದರೆ ಜನ ಎದೆ ಮುಟ್ಟಿಕೊಳ್ಳುತ್ತಾರೆ. ನಿಘಂಟಿನಲ್ಲಿ ಕೂತು ಇದನ್ನು ತೀರ್ಮಾನಿಸುವುದಕ್ಕಿಂತ ಅಟ್ಟ ಹತ್ತಿ ನೋಡುವುದೇ ಮೇಲು ಅನ್ನಿಸಿತು. ಅಟ್ಟದ ಮೇಲೆ ಕಿಲುಬು ಹಿಡಿದ ತಾಮ್ರದ ಎರಡು ಪಾತ್ರೆ, ಹಿತ್ತಾಳೆಯ ಒಂದು ಇದ್ದವು. ತಾಮ್ರದವನ್ನು ಮನೆಯ ಅಜ್ಜಿ ಹಂಡೆ ಅಂದರು, ಹಿತ್ತಾಳೆಯದನ್ನು ಕೊಪ್ಪರಿಗೆ. ಆ ಮಾತುಗಳೇ ಬೋರ್ಡಿಗೆ ಹೋದವು. ಜಂಖಾನ ಜಮಖಾನವಾಯಿತು. ಪೆಟ್ರೋಮ್ಯಾಕ್ಸ್ ಈಗ ಯಾರೂ ಕೇಳುವುದಿಲ್ಲವಾದರೂ ಯಜಮಾನರು ಬಿಡಲು ಒಪ್ಪಲಿಲ್ಲ.

ಮುಖ್ಯ ಸಾಲನ್ನು ‘ಇಲ್ಲಿ ಮದುವೆ ಸಾಮಾನು ಬಾಡಿಗೆಗೆ ಸಿಗುತ್ತದೆ’ ಎಂದು ಇಳಿಸಿದೆವು. ‘ಇವ್ವಬಡುನು’ ಎಂಬುದನ್ನು ‘ಕೊಡಲ್ಪಡುವುದು’ ಎಂದರೆ ಪದಕ್ಕೆ ಪದ ಕೂಡುತ್ತದೆ, ಆದರೆ ಕನ್ನಡದ ಅಂಗಡಿ ಹಾಗೆ ಮಾತಾಡುವುದಿಲ್ಲ. ಗೋಡೆಯ ಅನುವಾದಕ್ಕೆ ಪುಸ್ತಕದಲ್ಲಿಲ್ಲದ ಇನ್ನೊಂದು ಕಟ್ಟು ಇದೆ: ಅಕ್ಷರದ ಲೆಕ್ಕ. ತೆಲುಗು ಸಾಲಿನಲ್ಲಿ 16 ಅಕ್ಷರ, 13 ಅಡಿ ಉದ್ದ. ನಮ್ಮ ಕನ್ನಡ ಸಾಲಿನಲ್ಲೂ 16. ಒತ್ತು ತೆಲುಗಿನಲ್ಲಿ ನಾಲ್ಕು ಕಡೆ ಇದ್ದವು, ಕನ್ನಡದಲ್ಲಿ ಎರಡೇ ಕಡೆ, ಹಾಗಾಗಿ ಸಾಲುಗಳ ನಡುವೆ ಗಾಳಿ ಜಾಸ್ತಿ ಸಿಕ್ಕಿತು. 5 ಅಡಿಯಲ್ಲಿ ಮೇಲಿನ 3 ಅಡಿ ಕನ್ನಡಕ್ಕೆ ಬಿಟ್ಟರೆ ಶೇ 60 ಆಯಿತು, ಕೆಳಗೆ ತೆಲುಗು ಮತ್ತು ಉರ್ದು ಚಿಕ್ಕದಾಗಿ ಉಳಿದವು.

ಖರ್ಚು ದೊಡ್ಡದಲ್ಲ. ಹಳೆಯ ಬರಹದ ಮೇಲೆ ಹರಡಿ ಮಾರ್ಕರಿನಲ್ಲಿ ಅಚ್ಚೆತ್ತಲು ಪಾರದರ್ಶಕ ಪ್ಲಾಸ್ಟಿಕ್ 5 ಮೀಟರ್, ಅದಕ್ಕೆ 200 ರೂಪಾಯಿ. ಫೋಟೊ ಪದರಗಳ ಪ್ರಿಂಟಿಗೆ 180, ಮಾರ್ಕರ್ ಮತ್ತು ಸಿಂಪಡಿಸುವ ಬಾಟಲಿಗೆ 110. ಅಚ್ಚೆತ್ತುವ ಕೆಲಸವನ್ನು ಸುಣ್ಣ ಹೊಡೆಯುವ ಮೊದಲೇ ಮುಗಿಸಿಕೊಳ್ಳಿ, ಆಮೇಲೆ ಗೋಡೆ ಇರುವುದಿಲ್ಲ. ಪೇಂಟರಿಗೆ ಕನ್ನಡ ಸಾಲನ್ನು ಮೊಬೈಲಿನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಫಾಂಟ್ ಹೊಂದದೆ ಒತ್ತು ಕಳಚಿದ ಸಾಲನ್ನೇ ಅವರು ನಂಬಿ ಬರೆಯಬಹುದು. ದೊಡ್ಡದಾಗಿ ಮುದ್ರಿಸಿದ ಹಾಳೆ ಕೈಗೆ ಕೊಡಬೇಕು.

ಅಷ್ಟೆಲ್ಲ ಮಾಡಿಯೂ ಕೊನೆಯ ದಿನ ಅದೇ ಶೇಡ್ ಮತ್ತೆ ಕಾಡಿತು. ಪೇಂಟರ್ ಹಳೆಯ ಗೋಡೆಯ ರೀತಿಯಲ್ಲೇ ಕೆಂಪು ಅಕ್ಷರ ಬರೆದು, ನೀಲಿ ಶೇಡ್ ಎಳೆಯುತ್ತಾ ಬಂದರು. ‘ಮದುವೆ’ಯ ದು ಹತ್ತಿರ ಶೇಡಿನ ಒಂದು ಗೆರೆ ದ ಅಕ್ಷರದ ಹೊಟ್ಟೆಯ ಕೆಳಗೆ ನೆಟ್ಟಗೆ ಇಳಿಯಿತು. ರಸ್ತೆಯ ಆಚೆ ಬದಿಯಿಂದ ನೋಡಿದರೆ ಹೊಟ್ಟೆ ಸೀಳಿದ ಹಾಗೆ ಕಂಡು ‘ಮಧುವೆ’ ಆಗಿತ್ತು. ಏಣಿಯ ಮೇಲಿದ್ದ ಅವರಿಗೆ ಹತ್ತಿರದಿಂದ ಅದು ಕಾಣುವಂತಿರಲಿಲ್ಲ. ಕೆಳಗಿಳಿದು ಬಂದು ನೋಡಿ, ತಲೆಯಾಡಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರಿನಿಂದ ಆ ಅರ್ಧ ಇಂಚನ್ನು ಒರೆಸಿದರು.